ತಾಳೆಪಟ್ಟಿಗೆ ಸಿಗದ ತಪ್ಪು

ಒಂದು ಮುದ್ರಣಾಲಯವಿದೆ ಎಂದುಕೊಳ್ಳಿ. ಅಲ್ಲಿ ಆಫ್‌ಸೆಟ್, ಡಿಜಿಟಲ್, ಬೈಂಡಿಂಗ್ ಎಂದು ಮೂರು ವಿಭಾಗ. ತಿಂಗಳ ಕೊನೆಗೆ ಯಂತ್ರ ರಿಪೇರಿಯವರಿಂದ ₹59,000ರ ಬಿಲ್ ಬರುತ್ತದೆ. ಅದನ್ನು ಪುಸ್ತಕಕ್ಕೆ ಹತ್ತಿಸುವ ಮೊದಲು ಅಕೌಂಟೆಂಟ್ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಖರ್ಚು ಯಾವುದಕ್ಕೆ? ಇದಕ್ಕೆ ಉತ್ತರ ಲೆಡ್ಜರ್. ಖರ್ಚು ಯಾರಿಗಾಗಿ? ಇದಕ್ಕೆ ಉತ್ತರ ಕಾಸ್ಟ್ ಸೆಂಟರ್.

ಬಿಲ್‌ನಲ್ಲಿ ₹9,000 ಜಿಎಸ್‌ಟಿ. ಅದನ್ನು ಹೂಡುವಳಿ ತೆರಿಗೆಯಾಗಿ ಹಿಂಪಡೆಯಲು ಅವಕಾಶವಿದ್ದರೆ ಅದು ಖರ್ಚಲ್ಲ, ಬೇರೆ ಲೆಡ್ಜರ್‌ಗೆ ಹೋಗುತ್ತದೆ. ಉಳಿದ ₹50,000 ‘ಯಂತ್ರ ರಿಪೇರಿ’. ಅದರಲ್ಲಿ ₹30,000 ಆಫ್‌ಸೆಟ್ ಯಂತ್ರದ ರೋಲರ್‌ಗೆ, ₹20,000 ಡಿಜಿಟಲ್ ಯಂತ್ರದ ಸರ್ವಿಸ್‌ಗೆ. ಆದರೆ ಹೋದ ತಿಂಗಳು ಇದೇ ರಿಪೇರಿಯವರ ಬಿಲ್ ಆಫ್‌ಸೆಟ್‌ಗೆ ಬಿದ್ದಿತ್ತೆಂದು ಈ ಸಲವೂ ಪೂರ್ತಿ ಅಲ್ಲಿಗೇ ಹಾಕಲಾಯಿತು.

ಆಫ್‌ಸೆಟ್‌ನ ಆದಾಯ ₹4,00,000. ರಿಪೇರಿ ಬಿಟ್ಟು ಉಳಿದ ಖರ್ಚು ₹3,55,000. ಸರಿಯಾಗಿ ಹಂಚಿದ್ದರೆ ₹15,000 ಲಾಭ ಕಾಣುತ್ತಿತ್ತು. ಈಗ ಕಾಣುವುದು ₹5,000 ನಷ್ಟ. ಡಿಜಿಟಲ್ ವಿಭಾಗ ಇದ್ದದ್ದಕ್ಕಿಂತ ₹20,000 ಚೆನ್ನಾಗಿ ಕಾಣುತ್ತದೆ. ಇದನ್ನು ನಂಬಿದ ಮಾಲೀಕರು ಆಫ್‌ಸೆಟ್‌ನ ದರ ಏರಿಸಿ ಗಿರಾಕಿಯನ್ನೇ ಕಳೆದುಕೊಳ್ಳಬಹುದು.

ತಾಳೆಪಟ್ಟಿ ಇದನ್ನು ಹಿಡಿಯುವುದಿಲ್ಲ. ಡೆಬಿಟ್, ಕ್ರೆಡಿಟ್ ಎರಡೂ ಸಮವಾಗಿಯೇ ಇರುತ್ತವೆ. ಸಂಸ್ಥೆಯ ಒಟ್ಟು ಲಾಭವೂ ಬದಲಾಗುವುದಿಲ್ಲ. ತಪ್ಪು ಇರುವುದು ಮೊತ್ತದಲ್ಲಲ್ಲ, ಹಂಚಿಕೆಯಲ್ಲಿ. ಹಿಡಿಯಬೇಕೆಂದರೆ ಪ್ರತಿ ವಿಭಾಗದ ಒಂದೊಂದು ಲೆಡ್ಜರನ್ನೂ ಹಿಂದಿನ ಕೆಲವು ತಿಂಗಳ ಪಕ್ಕದಲ್ಲಿಟ್ಟು ನೋಡಬೇಕು. ಆಫ್‌ಸೆಟ್‌ನ ರಿಪೇರಿ ದಿಢೀರನೆ ಏರಿ, ಸರ್ವಿಸ್ ಆದ ತಿಂಗಳಲ್ಲೇ ಡಿಜಿಟಲ್‌ನ ರಿಪೇರಿ ಸೊನ್ನೆಯಾಗಿದ್ದರೆ ಬಿಲ್ ತೆಗೆದು ನೋಡಲೇಬೇಕು. ‘ಇತರೆ ಖರ್ಚು’ ಉಬ್ಬುತ್ತಾ ಹೋದರೂ ಅಷ್ಟೇ: ಎಲ್ಲಿಗೆ ಹಾಕಬೇಕೆಂದು ತಿಳಿಯದ ಬಿಲ್‌ಗಳೆಲ್ಲ ಅಲ್ಲಿ ಸೇರುತ್ತಿವೆ.

ಕೆಲಸ ಯಾವ ಯಂತ್ರಕ್ಕೆ ಆಯಿತೆಂದು ಬಲ್ಲವರು ಸೂಪರ್‌ವೈಸರ್, ಅಕೌಂಟೆಂಟ್ ಅಲ್ಲ. ಹಾಗಾಗಿ ಬಿಲ್‌ಗೆ ಸಹಿ ಹಾಕುವಾಗಲೇ ವಿಭಾಗ ಮತ್ತು ಮೊತ್ತವನ್ನು ಅವರೇ ಬರೆಯಬೇಕು. ಟ್ಯಾಲಿಯಂಥ ತಂತ್ರಾಂಶದಲ್ಲಿ ಒಂದೇ ವೋಚರ್‌ನ ಮೊತ್ತವನ್ನು ಹಲವು ಕಾಸ್ಟ್ ಸೆಂಟರ್‌ಗಳಿಗೆ ಹಂಚಬಹುದು.

ಎಲ್ಲ ಖರ್ಚನ್ನೂ ಹೀಗೆ ಹಂಚಲಾಗದು. ಬಾಡಿಗೆಗೆ ಜಾಗದ ಚದರಡಿ, ವಿದ್ಯುತ್ತಿಗೆ ವಿಭಾಗದ ಸಬ್‌ಮೀಟರ್ ಆಧಾರವಾದೀತು. ಆಡಿಟರ್ ಶುಲ್ಕಕ್ಕೆ ಅಂಥ ಆಧಾರವಿಲ್ಲ. ಅದನ್ನು ‘ಸಾಮಾನ್ಯ ಆಡಳಿತ’ ಎಂಬ ಕೇಂದ್ರದಲ್ಲೇ ಬಿಡುವುದು ಪ್ರಾಮಾಣಿಕ. ಯಾವ ಆಧಾರ ಆರಿಸಿದರೂ ವರ್ಷಪೂರ್ತಿ ಅದನ್ನೇ ಪಾಲಿಸಬೇಕು. ನಡುವೆ ಬದಲಿಸಿದರೆ ವಿಭಾಗದ ಲಾಭ ಏರಿದ್ದು ದುಡಿಮೆಯಿಂದಲೋ ಹಂಚಿಕೆಯಿಂದಲೋ ಎಂದು ಯಾರೂ ಹೇಳಲಾರರು.