ಲಾಗ್ ಒಳಗಿನ x ಗೆ ಎರಡು ಗೆರೆ ಏಕೆ?

ಪಿಯುಸಿಯಲ್ಲಿ ಗಣಿತ ಓದಿದವರಿಗೆ ಇಂಟಿಗ್ರೇಷನ್‌ನ ಮೊದಲ ಸೂತ್ರ ಮರೆಯುವುದಿಲ್ಲ: ಘಾತಕ್ಕೆ ಒಂದು ಕೂಡಿಸು, ಬಂದ ಸಂಖ್ಯೆಯಿಂದಲೇ ಭಾಗಿಸು. x² ಕೊಟ್ಟರೆ x³/3 ಬರುತ್ತದೆ. ಈ ಸೂತ್ರ ಕೈಕೊಡುವುದು ಒಂದೇ ಕಡೆ, 1/x ನಲ್ಲಿ. ಅದರ ಘಾತ −1. ಒಂದು ಕೂಡಿಸಿದರೆ ಸೊನ್ನೆ, ಸೊನ್ನೆಯಿಂದ ಭಾಗಿಸುವಂತಿಲ್ಲ.

ಹಾಗಾದರೆ ಉತ್ತರವನ್ನು ಹುಡುಕಬೇಕಾದದ್ದು ಚಿತ್ರದಲ್ಲಿ. 1/x ನ ವಕ್ರರೇಖೆಯ ಕೆಳಗೆ, 1ರಿಂದ 2ರವರೆಗಿನ ಜಾಗವನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ಸೀಳೋಣ. ಪ್ರತಿ ಪಟ್ಟಿಯನ್ನೂ ಎರಡು ಪಟ್ಟು ದೂರಕ್ಕೆ ಸರಿಸಿ, ಅಗಲವನ್ನು ಎರಡು ಪಟ್ಟು ಮಾಡಿದರೆ ಅವು 2ರಿಂದ 4ರವರೆಗಿನ ಜಾಗ ತುಂಬುತ್ತವೆ. ಅಲ್ಲಿ ರೇಖೆಯ ಎತ್ತರ ಸರಿಯಾಗಿ ಅರ್ಧಕ್ಕಿಳಿದಿರುತ್ತದೆ. ಅಗಲ ಇಮ್ಮಡಿ, ಎತ್ತರ ಅರ್ಧ. ವಿಸ್ತೀರ್ಣ ಬದಲಾಗುವುದೇ ಇಲ್ಲ. 4ರಿಂದ 8ಕ್ಕೂ ಅಷ್ಟೇ, ಸುಮಾರು 0.693.

ಇದೇ ರೀತಿ 2ರಿಂದ 6ರವರೆಗಿನ ವಿಸ್ತೀರ್ಣ 1ರಿಂದ 3ರವರೆಗಿನದಕ್ಕೆ ಸಮ, ಸುಮಾರು 1.099. ಆದ್ದರಿಂದ 1ರಿಂದ 6ರವರೆಗಿನ ವಿಸ್ತೀರ್ಣ 0.693 ಮತ್ತು 1.099ರ ಮೊತ್ತ, ಅಂದರೆ 1.792. ಎರಡು ಮೂರಲ ಆರು ಎಂಬ ಗುಣಾಕಾರ ಇಲ್ಲಿ ಸಂಕಲನವಾಯಿತು. ಗುಣಾಕಾರವನ್ನು ಸಂಕಲನ ಮಾಡುವುದೇ ಲಾಗರಿದಮ್‌ನ ಗುಣ.

ಅತಿಪರವಲಯದ ಈ ವಿಸ್ತೀರ್ಣಗಳನ್ನು 1647ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದವನು ಬ್ರೂಜ್ ಊರಿನ ಜೆಸ್ಯೂಟ್ ಪಾದ್ರಿ ಗ್ರೆಗ್ವಾರ್ ದ ಸೇಂಟ್ ವಿನ್ಸೆಂಟ್. ಅದಕ್ಕೂ ಲಾಗರಿದಮ್‌ಗೂ ಇರುವ ನಂಟನ್ನು 1649ರಲ್ಲಿ ಎತ್ತಿ ತೋರಿಸಿದವನು ಅವನ ಶಿಷ್ಯ ಡಿ ಸರಾಸಾ. ವಿಸ್ತೀರ್ಣ ಸರಿಯಾಗಿ 1 ಆಗುವುದು x ಸುಮಾರು 2.718 ತಲುಪಿದಾಗ. ಆ ಸಂಖ್ಯೆಯೇ e, ಈ ಲಾಗ್‌ನ ಆಧಾರ.

ಇನ್ನು ಎರಡು ಗೆರೆಗಳ ವಿಚಾರ. ಋಣ ಸಂಖ್ಯೆಗೆ ವಾಸ್ತವ ಲಾಗ್ ಇಲ್ಲ. ಆದರೆ 1/x ನ ರೇಖೆ ಸೊನ್ನೆಯ ಎಡಕ್ಕೂ ಇದೆ, ಅಲ್ಲಿಯೂ ಅನುಕಲ ಬೇಕು. x ಋಣವಾದಾಗ −x ಧನ. ಹಾಗಾಗಿ ln(−x) ಬರೆಯಬಹುದು. ಅದರ ಅವಕಲನ ಮಾಡಿದರೆ 1/(−x) ಅನ್ನು −1 ರಿಂದ ಗುಣಿಸಬೇಕು, ಉಳಿಯುವುದು 1/x. ಬಲಕ್ಕೆ ln x, ಎಡಕ್ಕೆ ln(−x). ಎರಡನ್ನೂ ಒಟ್ಟಿಗೆ ಹೇಳುವ ಬರಹವೇ ln|x|. −4ರಿಂದ −2ರವರೆಗೆ ಲೆಕ್ಕ ಹಾಕಿದರೆ ln 2 − ln 4, ಅಂದರೆ −0.693. ರೇಖೆ ಅಕ್ಷದ ಕೆಳಗಿರುವುದರಿಂದ ಚಿಹ್ನೆ ಋಣ.

ಎಡವುವುದು ಸೊನ್ನೆಯನ್ನು ದಾಟುವಾಗ. −1ರಿಂದ 1ರವರೆಗೆ ಎಂದರೆ ಸೂತ್ರ ಸಲೀಸಾಗಿ ಸೊನ್ನೆ ಎಂದುಬಿಡುತ್ತದೆ. ಆದರೆ 0.001ರಿಂದ 1ರವರೆಗಿನ ವಿಸ್ತೀರ್ಣವೇ ಸುಮಾರು 6.9, ಸೊನ್ನೆಗೆ ಹತ್ತಿರವಾದಷ್ಟೂ ಅದು ಮಿತಿಯಿಲ್ಲದೆ ಬೆಳೆಯುತ್ತದೆ. ಆ ಅನುಕಲಕ್ಕೆ ಬೆಲೆಯೇ ಇಲ್ಲ. ಆದ್ದರಿಂದ ln|x| ಬಳಸುವ ಮುನ್ನ ಎರಡೂ ಮಿತಿಗಳು ಸೊನ್ನೆಯ ಒಂದೇ ಬದಿಯಲ್ಲಿವೆಯೇ ಎಂದು ನೋಡಿಕೊಳ್ಳಬೇಕು.