ಗಾಜಿನೊಳಗಿನ ಮಬ್ಬು

ಮಳೆಯಲ್ಲಿ ನೆನೆದು ಮನೆಗೆ ಬಂದ ಅಣ್ಣ ವಾಚಿನ ಗಾಜನ್ನು ಅಂಗಿಯ ತುದಿಯಿಂದ ಒರೆಸಿಯೇ ಒರೆಸಿದ. ಮಬ್ಬು ಹೋಗಲಿಲ್ಲ, ಅದಿದ್ದದ್ದು ಗಾಜಿನ ಒಳಮೈಯಲ್ಲಿ. ಬೆಳಿಗ್ಗೆ ನೋಡಿದರೆ ಗಾಜು ತಿಳಿಯಾಗಿತ್ತು. "ನೋಡು, ತಾನೇ ಸರಿಹೋಯ್ತು" ಎಂದು ಕಟ್ಟಿಕೊಂಡು ಹೊರಟ. ಮೂರು ವಾರ ಕಳೆದು ಟೈಮ್ ಸರಿಮಾಡಲು ಹೋದರೆ ಪಕ್ಕದ ಕೀ ಅಲ್ಲಾಡಲಿಲ್ಲ. ರಿಪೇರಿಯವರು ಹಿಂಬದಿಯ ಮುಚ್ಚಳ ತೆಗೆದು ತೋರಿಸಿದರು: ಕೀಯ ಉಕ್ಕಿನ ಕಡ್ಡಿಗೆ ಕೆಂಪು ತುಕ್ಕು.

ಮಬ್ಬು ಹೋಗಿತ್ತು, ನೀರು ಹೋಗಿರಲಿಲ್ಲ. ಗಾಜು ತಣ್ಣಗಾದಾಗ ಒಳಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ, ಬಿಸಿಯಾದಾಗ ಮತ್ತೆ ಆವಿಯಾಗಿ ಅದೇ ಪೆಟ್ಟಿಗೆಯೊಳಗೆ ಸುತ್ತುತ್ತದೆ.

ವಾಚಿಗೆ ನೀರು ನುಗ್ಗುವ ದಾರಿಗಳು ಮುಖ್ಯವಾಗಿ ಮೂರು: ಗಾಜಿನ ಅಂಚು, ಕೀ ಇರುವ ತೂತು, ಹಿಂಬದಿಯ ಮುಚ್ಚಳ. ಮೂರನ್ನೂ ಕಾಯುವುದು ತೆಳ್ಳಗಿನ ಸೀಲುಗಳು, ಹೆಚ್ಚಾಗಿ ರಬ್ಬರ್ ಬಳೆಗಳು. ಬೆವರು, ಸೋಪು, ವಯಸ್ಸು ಸೇರಿ ರಬ್ಬರ್ ಗಟ್ಟಿಯಾಗುತ್ತದೆ, ಚಪ್ಪಟೆಯಾಗುತ್ತದೆ, ಬಿರಿಯುತ್ತದೆ. ಅಣ್ಣನ ವಾಚಿನಲ್ಲಿ ಆದದ್ದು ಬೇರೆ. ಹಿಂದೆ ಬ್ಯಾಟರಿ ಬದಲಿಸಿದಾಗ ಬಳೆ ತನ್ನ ಗಾಡಿಯಿಂದ ಜಾರಿ, ಮುಚ್ಚಳದಡಿ ಸಿಕ್ಕಿ ಕತ್ತರಿಸಿಹೋಗಿತ್ತು. ಬಿಸಿಲಿಗೆ ಕಾದ ವಾಚಿನ ಮೇಲೆ ತಣ್ಣನೆಯ ಮಳೆ ಬಿದ್ದಾಗ ಒಳಗಾಳಿಯ ಒತ್ತಡ ಇಳಿಯುತ್ತದೆ. ಆಗ ಕೂದಲೆಳೆಯಷ್ಟು ಸಂದಿದ್ದರೂ ಅದು ನೀರನ್ನು ಒಳಗೆಳೆದುಕೊಳ್ಳುತ್ತದೆ.

ತೇವ ಇದೆಯೋ ಇಲ್ಲವೋ ತಿಳಿಯಲು ಸರಳ ಪರೀಕ್ಷೆಯೊಂದಿದೆ. ಬಿಸಿ ತಟ್ಟೆಯ ಮೇಲಿಟ್ಟು ವಾಚನ್ನು 40ರಿಂದ 45 ಡಿಗ್ರಿಗೆ ತಂದು, ಗಾಜಿನ ಮೇಲೆ ಒಂದು ಹನಿ ತಣ್ಣೀರು ಹಾಕುತ್ತಾರೆ. ಸುಮಾರು ಒಂದು ನಿಮಿಷ ಬಿಟ್ಟು ಒರೆಸಿ ನೋಡುತ್ತಾರೆ. ಹನಿ ಕೂತಿದ್ದ ಜಾಗದಲ್ಲಿ ಒಳಗಡೆ ಮಬ್ಬು ಕಂಡರೆ ತೇವ ಇದೆಯೆಂದೇ ಅರ್ಥ. ಮುಚ್ಚಳ ಹಾಕುವಾಗ ಸಿಕ್ಕಿಕೊಂಡ ತೇವದ ಗಾಳಿಯಿಂದಲೂ ಒಮ್ಮೊಮ್ಮೆ ಹೀಗಾಗಬಹುದು. ಸೀಲು ಸೋರುತ್ತಿದೆಯೇ ಎಂಬುದನ್ನು ಗಾಳಿಯ ಒತ್ತಡದ ಪರೀಕ್ಷೆ ಹೇಳುತ್ತದೆ.

ಅಕ್ಕಿ ಡಬ್ಬಿಯಲ್ಲಿ ಹೂತಿಡುವುದು ವ್ಯರ್ಥ, ಮುಚ್ಚಿದ ಪೆಟ್ಟಿಗೆಯೊಳಗಿನ ನೀರನ್ನು ಅಕ್ಕಿ ಎಳೆಯಲಾರದು. ಹೇರ್ ಡ್ರೈಯರ್ ಹಿಡಿದರೆ ಆವಿ ಯಂತ್ರದ ಸಂದುಗಳಿಗೆ ಹರಡುತ್ತದೆ, ರಬ್ಬರಿಗೂ ಪೆಟ್ಟು. ಕೀಯನ್ನು ಎಳೆಯದೆ, ತಿರುಗಿಸದೆ, ಹೊರಮೈ ಒರೆಸಿ ಅಂದೇ ರಿಪೇರಿಯವರಿಗೆ ಕೊಡಿ. ಅವರು ಯಂತ್ರವನ್ನು ಹೊರತೆಗೆದು ಒಣಗಿಸಿ, ಹೊಸ ಸೀಲಿಗೆ ಸಿಲಿಕೋನ್ ಗ್ರೀಸ್ ಸವರಿ ಕೂರಿಸುತ್ತಾರೆ. ಸಮುದ್ರದ ನೀರಾಗಿದ್ದರೆ ಮರುದಿನಕ್ಕೂ ಬಿಡಬೇಡಿ, ಉಪ್ಪು ತುಕ್ಕನ್ನು ಬೇಗ ಹಬ್ಬಿಸುತ್ತದೆ.

ಅಣ್ಣ ಅಂದೇ ಹೋಗಿದ್ದರೆ ಒಂದು ರಬ್ಬರ್ ಬಳೆಯಲ್ಲಿ ಮುಗಿಯುತ್ತಿತ್ತು. ಕೊನೆಗೆ ಇಡೀ ಯಂತ್ರವನ್ನೇ ಬದಲಿಸಬೇಕಾಯಿತು.