ಬಿಳಿ ಬಳಿಯಬೇಡಿ, ಹಳದಿ ಇಳಿಸಿ

ಮದುವೆ ಆಲ್ಬಮ್ ತಿರುವುತ್ತ ಹೋದರೆ ಯಾವುದೋ ಒಂದು ಪುಟದಲ್ಲಿ ಕಣ್ಣು ಥಟ್ಟನೆ ನಿಲ್ಲುತ್ತದೆ. ಮುಖ ಸರಿಯಾಗಿದೆ, ಒಡವೆ ಸರಿಯಾಗಿದೆ, ರೇಷ್ಮೆಯ ಅಂಚಿನ ಜರಿಯೂ ಎದ್ದು ಕಾಣುತ್ತದೆ. ಬಾಯೊಳಗೆ ಮಾತ್ರ ಹಲ್ಲುಗಳ ಬದಲು ಒಂದೇ ಬಿಳಿ ಪಟ್ಟಿ. ನೋಡಿದವರು ‘ಯಾಕೋ ನಗು ಸರಿಯಾಗಿ ಬಂದಿಲ್ಲ’ ಎಂದು ಛಾಯಾಗ್ರಾಹಕನನ್ನು ದೂರುತ್ತಾರೆ. ನಗು ಸರಿಯಾಗಿಯೇ ಬಂದಿರುತ್ತದೆ, ಅದನ್ನು ಕೆಡಿಸಿದ್ದು ಆಮೇಲಿನ ಕೆಲಸ. ಸ್ಟುಡಿಯೋಗಳಲ್ಲಿ ರೀಟಚಿಂಗ್ ಎಂದು ಕರೆಯುವ ಈ ಕಸುಬಿನಲ್ಲಿ ಮೊಡವೆ ತೆಗೆಯುವುದು ಸುಲಭ, ಕೂದಲೆಳೆ ತಿದ್ದುವುದಕ್ಕೆ ತಾಳ್ಮೆ ಸಾಕು. ಹಲ್ಲಿನ ಹಳದಿ ಕಳೆಯುವುದಕ್ಕೆ ಮಾತ್ರ ಹಲ್ಲು ಹೇಗಿರುತ್ತದೆ ಎಂಬುದೇ ಗೊತ್ತಿರಬೇಕು. ಹಳದಿ ಹೋಗಲಿ ಎಂದು ಬಯಸುವುದರಲ್ಲಿ ತಪ್ಪಿಲ್ಲ. ಹಳದಿಯನ್ನು ತೆಗೆಯುವುದು ಮತ್ತು ಬಿಳಿಯನ್ನು ಸೇರಿಸುವುದು ಒಂದೇ ಎಂದು ತಿಳಿಯುವುದು ತಪ್ಪು.

ಹಲ್ಲು ಒಂದೇ ಬಣ್ಣದ ವಸ್ತುವಲ್ಲ. ಹೊರಗಿನ ಎನಾಮೆಲ್ ಪದರ ಅರೆಪಾರದರ್ಶಕ, ಅದರೊಳಗಿನ ಡೆಂಟಿನ್ ಹಳದಿ. ನಮಗೆ ಕಾಣುವ ಹಳದಿಯಲ್ಲಿ ಹೆಚ್ಚಿನ ಪಾಲು ಒಳಗಿನಿಂದ ಎನಾಮೆಲ್ ಮೂಲಕ ತೋರುವ ಡೆಂಟಿನ್ನಿನದು. ವಸಡಿನ ಹತ್ತಿರ ಎನಾಮೆಲ್ ತೆಳುವಾಗಿರುವುದರಿಂದ ಹಲ್ಲಿನ ಬುಡ ಹೆಚ್ಚು ಹಳದಿ. ಬಾಚಿಹಲ್ಲಿನ ತುದಿಯಲ್ಲಿ ಹಿಂದೆ ಡೆಂಟಿನ್ ಇರುವುದಿಲ್ಲ, ಎನಾಮೆಲ್ ಮಾತ್ರ ಇರುತ್ತದೆ. ಬಾಯೊಳಗಿನ ಕತ್ತಲು ಅದರ ಮೂಲಕ ಕಾಣುವುದರಿಂದ ತುದಿಗೆ ನಸುನೀಲಿ ಬೂದು ಛಾಯೆ ಬರುತ್ತದೆ. ಕೋರೆಹಲ್ಲಿನಲ್ಲಿ ಡೆಂಟಿನ್ ದಪ್ಪ, ಹಾಗಾಗಿ ಆರೋಗ್ಯವಂತರ ಬಾಯಲ್ಲೂ ಅದು ಪಕ್ಕದ ಹಲ್ಲಿಗಿಂತ ಒಂದು ಮಟ್ಟ ಗಾಢ. ಕೃತಕ ಹಲ್ಲು ತಯಾರಿಸುವವರಿಗೆ ಇದೆಲ್ಲ ಪಾಠದ ಮೊದಲ ಪುಟ. ಬಣ್ಣ ಹೊಂದಿಸಲು ದಂತವೈದ್ಯರು ಹಿಡಿದು ನೋಡುವ ವೀಟಾ ಕ್ಲಾಸಿಕಲ್ ಪಟ್ಟಿಯಲ್ಲಿ 16 ಮಾದರಿ ಹಲ್ಲುಗಳಿವೆ; ಪ್ರತಿಯೊಂದರಲ್ಲೂ ಬುಡ ಗಾಢ, ತುದಿ ತಿಳಿ. ಪಿಂಗಾಣಿಯಲ್ಲಿ ಹಲ್ಲು ಕಟ್ಟುವವರು ಡೆಂಟಿನ್ ಬಣ್ಣದ ಪುಡಿಯ ಮೇಲೆ ಎನಾಮೆಲ್ ಬಣ್ಣದ ಪುಡಿಯನ್ನು ಪದರ ಪದರವಾಗಿ ಕೂರಿಸುತ್ತಾರೆ, ಇಲ್ಲದಿದ್ದರೆ ಹಲ್ಲು ಕಟ್ಟಿಸಿದ್ದು ಎಂದು ದೂರದಿಂದಲೇ ಗೊತ್ತಾಗುತ್ತದೆ. ಹಲ್ಲನ್ನೇ ಮಾಡುವವರು ಇಷ್ಟು ಕಷ್ಟಪಟ್ಟು ತರುವ ಏರಿಳಿತವನ್ನು ರೀಟಚ್ ಮಾಡುವವರು ಒಂದು ಬ್ರಷ್ ಎಳೆತದಲ್ಲಿ ಅಳಿಸಿಬಿಡುತ್ತಾರೆ.

ಹಲ್ಲು ತಿದ್ದುವುದು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ಚಾಳಿಯೇನಲ್ಲ. ಆರಂಭದ ಛಾಯಾಚಿತ್ರ ಫಲಕಗಳು ನೀಲಿ ಬೆಳಕಿಗೆ ಮಾತ್ರ ಸ್ಪಂದಿಸುತ್ತಿದ್ದವು. ಹಳದಿ ವಸ್ತು ಅವುಗಳಲ್ಲಿ ಕಪ್ಪಾಗಿ ಬೀಳುತ್ತಿತ್ತು. 1873ರಲ್ಲಿ ಹರ್ಮನ್ ಫೋಗೆಲ್ ಬಣ್ಣದ ದ್ರವ್ಯ ಬೆರೆಸಿ ಫಲಕಕ್ಕೆ ಹಸಿರು-ಹಳದಿಯನ್ನೂ ಕಾಣಿಸುವ ದಾರಿ ಕಂಡುಕೊಂಡ. ಮುಂದೆ ಬಹುಕಾಲ ಸ್ಟುಡಿಯೋಗಳಲ್ಲಿ ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲ್ಲಿನಿಂದ ತಿದ್ದುವ ಕುಶಲಿಗಳಿದ್ದರು. ನೆಗೆಟಿವ್‌ನಲ್ಲಿ ಪೆನ್ಸಿಲ್ ತಾಗಿದ ಜಾಗ ಪ್ರಿಂಟಿನಲ್ಲಿ ತಿಳಿಯಾಗುತ್ತದೆ. ನೆಗೆಟಿವ್ ಮೇಲಿನ ಅಷ್ಟು ಚಿಕ್ಕ ಹಲ್ಲನ್ನು ಪೂರ್ತಿ ಬಿಳಿ ಮಾಡುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ ಎನ್ನುವುದೇ ಅವರ ಕೆಲಸವನ್ನು ಕಾಪಾಡಿತೇನೋ. 1990ರಲ್ಲಿ ಫೋಟೊಶಾಪ್ ಬಂತು. 1996ರ ಆವೃತ್ತಿಯಲ್ಲಿ ಅಡ್ಜಸ್ಟ್‌ಮೆಂಟ್ ಲೇಯರ್ ಸೇರಿದ ಮೇಲೆ ಮೂಲ ಚಿತ್ರವನ್ನು ಮುಟ್ಟದೆ, ಬೇಡವೆನಿಸಿದರೆ ಹಿಂದಕ್ಕೆ ಪಡೆಯುವಂತೆ ಬಣ್ಣ ತಿದ್ದಲು ಸಾಧ್ಯವಾಯಿತು. ಒಳ್ಳೆಯ ಹಲ್ಲಿನ ಕೆಲಸವೆಲ್ಲ ಇಂದಿಗೂ ಈ ಲೇಯರ್ ಮೇಲೆಯೇ ನಡೆಯುವುದು.

ಕೆಲಸದ ಕ್ರಮವನ್ನು ಒಂದು ಉದಾಹರಣೆಯಲ್ಲೇ ನೋಡೋಣ. ಅರಿಶಿನ ಶಾಸ್ತ್ರದ ಚಿತ್ರ ತೆಗೆದುಕೊಳ್ಳಿ: ಮದುಮಗಳ ಕೆನ್ನೆ ತುಂಬ ಅರಿಶಿನ, ಉಟ್ಟಿರುವುದೂ ಹಳದಿ ಸೀರೆ, ಮೇಲೆ ಬೆಳಗಿನ ಬಿಸಿಲು, ಬಾಯ್ತುಂಬ ನಗು. ಹಲ್ಲು ಹಳದಿಯಾಗಿ ಕಾಣುತ್ತದೆ. ಮೊದಲು ಕೇಳಬೇಕಾದದ್ದು, ಈ ಹಳದಿ ಯಾರದು? ಕಣ್ಣಿನ ಬಿಳಿಯನ್ನು ನೋಡಬೇಕು. ಅದೂ ಅಷ್ಟೇ ಹಳದಿಯಾಗಿದ್ದರೆ ತಪ್ಪು ಬೆಳಕಿನದು, ಇಡೀ ಚಿತ್ರದ ವೈಟ್ ಬ್ಯಾಲೆನ್ಸ್ ಸರಿಪಡಿಸಿದರೆ ಅರ್ಧ ಕೆಲಸ ಮುಗಿಯಿತು. ಕಣ್ಣು ಸರಿಯಿದ್ದು ಹಲ್ಲು ಮಾತ್ರ ಹಳದಿಯಾದರೆ, ಒಂದಷ್ಟು ಹಲ್ಲಿನ ಸ್ವಂತ ಬಣ್ಣ, ಒಂದಷ್ಟು ಗಲ್ಲ ಮತ್ತು ಸೀರೆಯಿಂದ ಚಿಮ್ಮಿದ ಬಣ್ಣ. ಈ ಎರಡನೆಯದನ್ನು ಪೂರ್ತಿ ತೆಗೆಯಲೇಬಾರದು. ಸುತ್ತಲಿನ ಹಳದಿ ಬೆಳಕಿನಲ್ಲಿ ನಿಂತವಳ ಹಲ್ಲಿಗೆ ಮಾತ್ರ ಆ ಬೆಳಕು ತಾಗಿಲ್ಲ ಎಂದಾದರೆ, ಅದು ಬೇರೆ ಚಿತ್ರದಿಂದ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ.

ಈ ಚಿತ್ರದಲ್ಲಿ ಮುಂದಿನ ಹಲ್ಲಿನ ನಡುಭಾಗದ ಮೇಲೆ ಕರ್ಸರ್ ಇಟ್ಟಾಗ ಇನ್ಫೋ ಪ್ಯಾನೆಲ್‌ನಲ್ಲಿ ಕೆಂಪು 214, ಹಸಿರು 196, ನೀಲಿ 160 ಎಂದು ಬಂತೆನ್ನೋಣ. ಕೆಂಪಿಗೂ ನೀಲಿಗೂ ನಡುವಿನ 54ರ ಅಂತರವೇ ನಮ್ಮ ಕಣ್ಣಿಗೆ ಹಳದಿಯಾಗಿ ತೋರುವುದು. ಹ್ಯೂ/ಸ್ಯಾಚುರೇಷನ್ ಲೇಯರ್ ಹಾಕಿ, ಪಟ್ಟಿಯಲ್ಲಿ ಯೆಲ್ಲೋಸ್ ಆರಿಸಿಕೊಂಡು ಸ್ಯಾಚುರೇಷನ್ನನ್ನು ಅರ್ಧದಷ್ಟು ಇಳಿಸಿದರೆ ಲೆಕ್ಕ ಸುಮಾರು 202, 192, 172ಕ್ಕೆ ಬರುತ್ತದೆ. ಹಳದಿ ಇಳಿಯಿತು, ಆದರೆ ಹಲ್ಲು ಮಂಕಾಯಿತು. ಸ್ಯಾಚುರೇಷನ್ ಇಳಿಸುವ ಈ ವಿಧಾನದಲ್ಲಿ ಹಳದಿಯ ಹೊಳಪೂ ಸ್ವಲ್ಪ ಕಳೆದುಹೋಗುತ್ತದೆ, ಅದಕ್ಕೇ ಈ ಮಂಕು. ಅನೇಕರು ಎಡವುವುದು ಇಲ್ಲೇ. ಮಂಕು ಕಂಡ ಕೂಡಲೇ ಅದೇ ಪ್ಯಾನೆಲ್‌ನಲ್ಲಿರುವ ಲೈಟ್‌ನೆಸ್ ಎಳೆಯುತ್ತಾರೆ. ಆ ಸ್ಲೈಡರ್ ಮಾಡುವುದೆಂದರೆ ಹಾಲಿಗೆ ನೀರು ಬೆರೆಸುವ ಹಾಗೆ ಎಲ್ಲಕ್ಕೂ ಸಮವಾಗಿ ಬಿಳಿ ಬೆರೆಸುವುದು. ಬುಡದ ಗಾಢ, ತುದಿಯ ಬೂದು, ನಡುವಿನ ಗೀರು ಎಲ್ಲವೂ ಒಂದೇ ಮಟ್ಟಕ್ಕೆ ಬರುತ್ತವೆ. ಅದರ ಬದಲು ಪ್ರತ್ಯೇಕ ಕರ್ವ್ಸ್ ಲೇಯರ್ ಹಾಕಿ, ಗೆರೆಯ ನಡುವನ್ನು ಕೊಂಚ ಮೇಲೆತ್ತಬೇಕು. ಕೆಳಗಿನ ಕಪ್ಪನ್ನೂ ಮೇಲಿನ ಹೊಳಪನ್ನೂ ಒಂದೊಂದು ಚುಕ್ಕೆಯಿಂದ ಕಟ್ಟಿಹಾಕಿದರೆ ಅವು ಅಲುಗುವುದಿಲ್ಲ. ಈಗ 210, 200, 180. ಅಂತರ 54ರಿಂದ 30ಕ್ಕೆ ಇಳಿದಿದೆ, ಸೊನ್ನೆಗೆ ಇಳಿದಿಲ್ಲ. ಕೆಂಪು ಮೊದಲು, ಹಸಿರು ನಡುವೆ, ನೀಲಿ ಕೊನೆಗೆ ಎಂಬ ಮೊದಲಿನ ಕ್ರಮವೂ ಹಾಗೇ ಉಳಿದಿದೆ. ಮೂರೂ ಸಂಖ್ಯೆಗಳು ಸಮವಾದರೆ ಅದು ಲೆಕ್ಕಕ್ಕೆ ಶುದ್ಧ ಬೂದು. ಆದರೆ ಕೆಂಪು ತುಟಿ, ಅರಿಶಿನದ ಕೆನ್ನೆಗಳ ನಡುವೆ ಕುಳಿತ ಬೂದನ್ನು ನಮ್ಮ ಕಣ್ಣು ನೀಲಿಯೆಂದು ಓದುತ್ತದೆ. ಪಕ್ಕದ ಬಣ್ಣದಿಂದ ಬಣ್ಣ ಬದಲಾಗಿ ಕಾಣುವ ಈ ಗುಣವನ್ನು ಫ್ರೆಂಚ್ ರಸಾಯನಶಾಸ್ತ್ರಜ್ಞ ಶೆವ್ರೇಲ್ 1839ರಲ್ಲೇ ವಿವರಿಸಿದ್ದಾನೆ. ಅತಿಯಾಗಿ ತಿದ್ದಿದ ಹಲ್ಲು ಟ್ಯೂಬ್‌ಲೈಟಿನಂತೆ ತೋರುವುದಕ್ಕೆ ಕಾರಣವೂ ಅದೇ.

ಬಣ್ಣ ಸರಿಯಾದ ಮೇಲೆ ಅದನ್ನು ಎಲ್ಲಿ ಬಿಡಬೇಕು, ಎಲ್ಲಿ ತಡೆಯಬೇಕು ಎಂಬುದು ಮಾಸ್ಕಿನ ಕೆಲಸ. ಎರಡೂ ಲೇಯರ್‌ಗಳನ್ನು ಒಂದು ಗ್ರೂಪಿನಲ್ಲಿಟ್ಟು, ಗ್ರೂಪಿಗೆ ಮಾಸ್ಕ್ ಹಾಕಿ, Ctrl+I ಒತ್ತಿ ಅದನ್ನು ಕಪ್ಪು ಮಾಡಿ, ಮೆದು ಅಂಚಿನ ಬಿಳಿ ಬ್ರಷ್‌ನಿಂದ ಹಲ್ಲು ಹಲ್ಲಾಗಿ ಬಿಡಿಸುತ್ತಾರೆ. ಬ್ರಷ್ ಒಂದು ಹಲ್ಲಿನ ಅರ್ಧಕ್ಕಿಂತ ಚಿಕ್ಕದಿರಬೇಕು, ಫ್ಲೋ 20ರಿಂದ 30 ಸಾಕು. ಹಲ್ಲು ಹಲ್ಲಿನ ನಡುವಿನ ಸಂದನ್ನು ದಾಟಿ ಬ್ರಷ್ ಎಳೆದರೆ ಬಿಳಿ ಪಟ್ಟಿ ಹುಟ್ಟುವುದು ಖಚಿತ. ಬ್ರಷ್ ವಸಡಿಗೆ ಹರಿದರೆ ವಸಡು ಬಿಳಿಚಿಕೊಳ್ಳುತ್ತದೆ, ರಕ್ತಹೀನತೆಯವರ ಬಾಯಿಯಂತೆ. ಕಚ್ಚುವ ತುದಿಯ ನಸುನೀಲಿ ಅಂಚನ್ನು ಮುಟ್ಟದೆ ಬಿಡಬೇಕು. ಅಲ್ಲಿ ಕಳೆಯಬೇಕಾದ ಹಳದಿಯೂ ಇರುವುದಿಲ್ಲ. ಕೋರೆಹಲ್ಲಿಗೆ ಕಡಿಮೆ, ಅದರ ಹಿಂದಿನವಕ್ಕೆ ಇನ್ನೂ ಕಡಿಮೆ. ಬಾಯಿಯ ಮೂಲೆಗೆ ಹೋದಂತೆ ಹಲ್ಲು ನೆರಳಿಗೆ ಸರಿಯುವುದರಿಂದಲೇ ಹಲ್ಲಿನ ಸಾಲು ಕಮಾನಾಗಿ ಕಾಣುವುದು. ಆ ನೆರಳು ಅಳಿಸಿದರೆ ಕಮಾನು ನೇರ ಗೋಡೆಯಾಗುತ್ತದೆ. ಎಂಜಲಿನ ಒದ್ದೆಯಿಂದ ಹಲ್ಲಿನ ಮೇಲೆ ಬೀಳುವ ಸಣ್ಣ ಹೊಳಪಿನ ಚುಕ್ಕೆಗಳೂ ಹೀಗೆಯೇ. ಸುತ್ತಲಿನ ಭಾಗ ಅವುಗಳಷ್ಟೇ ಬೆಳ್ಳಗಾದರೆ ಹೊಳಪು ಸತ್ತು ಹಲ್ಲು ಸೀಮೆಸುಣ್ಣದ ತುಂಡಾಗುತ್ತದೆ. ಕೊನೆಗೆ ಚಿತ್ರವನ್ನು ಪ್ರಿಂಟಿನ ಗಾತ್ರಕ್ಕೆ ಇಳಿಸಿ, ಗ್ರೂಪಿನ ಕಣ್ಣಿನ ಗುರುತನ್ನು ಒತ್ತಿ ಮೊದಲಿನದನ್ನೂ ಈಗಿನದನ್ನೂ ಹೋಲಿಸಬೇಕು. ನೋಟ ಮೊದಲು ಹೋಗುವುದು ಹಲ್ಲಿಗೆ ಎಂದಾದರೆ ಒಪಾಸಿಟಿ ಇಳಿಸಬೇಕು. ಬಹುತೇಕ ಸಲ ಇಳಿಸಬೇಕಾಗಿಯೇ ಬರುತ್ತದೆ, ಹತ್ತು ನಿಮಿಷ ಒಂದೇ ಬಾಯಿ ನೋಡಿದವರ ಕಣ್ಣು ಅತಿಗೆ ಒಗ್ಗಿಹೋಗಿರುತ್ತದೆ.

ದುಡ್ಡು ಕೊಡುವ ಗಿರಾಕಿಯೇ ‘ಫುಲ್ ವೈಟ್ ಮಾಡಿ’ ಎಂದರೆ ಏನು ಮಾಡುವುದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಗಿರಾಕಿಗೆ ಬೇಡವಾಗಿರುವುದು ಹಳದಿ. ಹಲ್ಲಿನ ಸಂದು, ನೆರಳು, ತುದಿಯ ಛಾಯೆಗಳ ಮೇಲೆ ಅವರು ಯಾವತ್ತೂ ದೂರು ಹೇಳಿದವರಲ್ಲ. ಒಂದೇ ಚಿತ್ರವನ್ನು ಎರಡು ಬಗೆಯಲ್ಲಿ ತಿದ್ದಿ ಅಕ್ಕಪಕ್ಕ ಪ್ರಿಂಟ್ ಹಾಕಿ ತೋರಿಸಿದರೆ ವಾದಕ್ಕೆ ಜಾಗವೇ ಉಳಿಯುವುದಿಲ್ಲ. ಒಂದು ಮದುವೆಗೆ ನೂರಾರು ಚಿತ್ರ, ಹಲ್ಲು ಹಲ್ಲು ಬಿಡಿಸುತ್ತ ಕೂರಲು ಪುರುಸೊತ್ತೆಲ್ಲಿ ಎಂಬ ಮಾತಿಗೆ ಉತ್ತರ ಇನ್ನೂ ಸುಲಭ: ಗುಂಪು ಚಿತ್ರಗಳಲ್ಲಿ ಹಲ್ಲು ನಾಲ್ಕಾರು ಪಿಕ್ಸೆಲ್ ಅಷ್ಟೆ, ಮುಟ್ಟುವುದೇ ಬೇಡ. ಮುಖ ಪುಟ ತುಂಬುವ ಬೆರಳೆಣಿಕೆಯ ಚಿತ್ರಗಳಿಗೆ ಮಾತ್ರ ಈ ಶ್ರಮ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಹಳದಿ ತೆಗೆಯುವುದೂ ಸುಳ್ಳೇ ತಾನೆ, ಸ್ವಲ್ಪ ಸುಳ್ಳಿಗೂ ಪೂರ್ತಿ ಸುಳ್ಳಿಗೂ ಏನು ವ್ಯತ್ಯಾಸ? ಕ್ಯಾಮೆರಾ, ಬೆಳಕು, ಬಟ್ಟೆ ಸೇರಿಸಿದ ಹಳದಿಯನ್ನು ತೆಗೆದರೆ ಚಿತ್ರ ನಿಜಕ್ಕೆ ಹತ್ತಿರವಾಗುತ್ತದೆ. ಕಾಫಿ-ಚಹಾದ ಕಲೆಯನ್ನು ಕೊಂಚ ಮಸುಕಾಗಿಸುವುದು ಶಿಷ್ಟಾಚಾರ ಅನ್ನಬಹುದು. ಹಲ್ಲಿನ ಸಣ್ಣ ಸೊಟ್ಟ, ಒಂದರ ಮೇಲೊಂದು ಏರಿದ ಅಂಚು, ಮುರಿದ ಮೂಲೆ ಇವು ಆ ವ್ಯಕ್ತಿಯ ಗುರುತು. ಅವನ್ನು ಕೇಳದೆ ತಿದ್ದುವ ಹಕ್ಕು ಯಾರಿಗೂ ಇಲ್ಲ. ಪಾವಗಡ, ಮುಂಡರಗಿಯಂಥ ಕಡೆ ನೀರಿನ ಫ್ಲೋರೈಡಿನಿಂದ ಹಲ್ಲಿನ ಮೇಲೆ ಬಿಳಿ ಮಚ್ಚೆ, ಕಂದು ಗೆರೆ ಮೂಡಿದವರು ಬಹಳ. ಕಂದನ್ನು ತಿಳಿಗೊಳಿಸಲೇ ಎಂದು ಅವರನ್ನೇ ಕೇಳಬೇಕು. ಕೆಲವರು ಹೌದೆನ್ನುತ್ತಾರೆ, ಕೆಲವರು ಬೇಡವೆನ್ನುತ್ತಾರೆ. ಜೀವಮಾನವಿಡೀ ಎಲೆಯಡಿಕೆ ಮೆದ್ದ ಅಜ್ಜನ ಕೆಂಗಂದು ಹಲ್ಲನ್ನಂತೂ ಬಿಳಿ ಮಾಡಿದರೆ ಮೊಮ್ಮಕ್ಕಳಿಗೇ ಅವರ ಗುರುತು ಸಿಗದು.

ಆಲ್ಬಮ್ ಪ್ರಿಂಟಿಗೆ ಹೋಗುವ ಮುನ್ನ ಸ್ಟುಡಿಯೋದವರು ಮಾದರಿ ತೋರಿಸಿದಾಗ ಸೀರೆಯ ಬಣ್ಣ, ಹೆಸರಿನ ಅಕ್ಷರಗಳ ಜೊತೆಗೆ ಹಲ್ಲುಗಳನ್ನೂ ಒಮ್ಮೆ ನೋಡಿ. ಎರಡು ಹಲ್ಲುಗಳ ನಡುವಿನ ಗೆರೆ ಕಾಣದಿದ್ದರೆ, ಹಲ್ಲು ಕಣ್ಣಿನ ಬಿಳಿಗಿಂತ ಬೆಳ್ಳಗಿದ್ದರೆ, ಇಳಿಸಿಕೊಡಿ ಎಂದು ಹೇಳಿ. ಲೇಯರ್ ಉಳಿಸಿಟ್ಟುಕೊಂಡವರಿಗೆ ಅದು ಅರ್ಧ ನಿಮಿಷದ ಕೆಲಸ. ಪಾಸ್‌ಪೋರ್ಟ್‌ ಚಿತ್ರದಲ್ಲಿ ಮಾತ್ರ ಈ ಯಾವ ತಿದ್ದುಪಡಿಯನ್ನೂ ಮಾಡಿಸಬೇಡಿ, ಅಲ್ಲಿ ಮುಖವನ್ನು ತಿದ್ದಿದ ಚಿತ್ರ ತಿರಸ್ಕಾರಕ್ಕೆ ಗುರಿಯಾಗುತ್ತದೆ.